ಗೋಪ್ಯತಾ ಒಪ್ಪಂದಕ್ಕೆ ಸಹಿ ಹಾಕುವ ಮುನ್ನ

ಸ್ವತಂತ್ರವಾಗಿ ಕೆಲಸ ಮಾಡುವ ಅನುವಾದಕಿಯೊಬ್ಬರಿಗೆ, ಇನ್ನೂ ಮಾರುಕಟ್ಟೆಗೆ ಬಾರದ ಉಪಕರಣವೊಂದರ ಕೈಪಿಡಿಯನ್ನು ಭಾಷಾಂತರಿಸುವ ಕೆಲಸ ಬಂದಿದೆ ಎಂದಿಟ್ಟುಕೊಳ್ಳೋಣ. ಕಡತಕ್ಕಿಂತ ಮೊದಲು ಮೂರು ಪುಟಗಳ ಗೋಪ್ಯತಾ ಒಪ್ಪಂದ, ಅಂದರೆ ಎನ್‌ಡಿಎ, ಕೈಸೇರುತ್ತದೆ. ಅದನ್ನು ಓದುವಾಗ ಅವರು ಪ್ರತಿ ಷರತ್ತಿಗೂ ಕೇಳಿಕೊಳ್ಳಬೇಕಾದದ್ದು ಒಂದೇ: ಇದನ್ನು ನಾನು ನಿಜಕ್ಕೂ ಪಾಲಿಸಬಲ್ಲೆನೇ?

ಮೊದಲು ‘ಗೋಪ್ಯ ಮಾಹಿತಿ’ಯ ವ್ಯಾಖ್ಯೆಯನ್ನು ನೋಡಬೇಕು. ‘ಗ್ರಾಹಕರು ನೀಡುವ ಎಲ್ಲ ಮಾಹಿತಿ’ ಎಂದಷ್ಟೇ ಬರೆದಿದ್ದರೆ ವಿನಾಯಿತಿಗಳನ್ನು ಸೇರಿಸುವಂತೆ ಕೇಳಬೇಕು. ಈಗಾಗಲೇ ಬಹಿರಂಗವಾಗಿರುವುದು, ನಿಮಗೆ ಮೊದಲೇ ತಿಳಿದಿದ್ದುದು, ಬೇರೊಬ್ಬರಿಂದ ನ್ಯಾಯಯುತವಾಗಿ ದೊರೆತದ್ದು, ಸ್ವಂತವಾಗಿ ರೂಪಿಸಿಕೊಂಡದ್ದು, ಇವು ನಾಲ್ಕೂ ಸಾಮಾನ್ಯವಾಗಿ ಗೋಪ್ಯತೆಯ ಹೊರಗಿರುತ್ತವೆ. ನ್ಯಾಯಾಲಯ ಕೇಳಿದಾಗ ಕೊಡಲು ಅವಕಾಶವೂ ಇರಬೇಕು. ಬಾಧ್ಯತೆ ಯಾವಾಗ ಮುಗಿಯುತ್ತದೆ ಎಂಬುದನ್ನೂ ಗಮನಿಸಿ. ಉಪಕರಣ ಮಾರುಕಟ್ಟೆಗೆ ಬಂದ ಮೇಲೂ ಕೈಪಿಡಿಯ ಬಗ್ಗೆ ಮೌನವಾಗಿರಬೇಕೆನ್ನುವುದಕ್ಕೆ ಅರ್ಥವಿಲ್ಲ.

ಎರಡನೆಯದಾಗಿ, ಗೋಪ್ಯತೆಗೆ ಸಂಬಂಧವೇ ಇಲ್ಲದ ಷರತ್ತುಗಳನ್ನು ಹುಡುಕಬೇಕು. ‘ಎರಡು ವರ್ಷ ಇದೇ ಕ್ಷೇತ್ರದ ಬೇರೆ ಸಂಸ್ಥೆಗಳಿಗೆ ಕೆಲಸ ಮಾಡತಕ್ಕದ್ದಲ್ಲ’ ಎಂಬುದು ಗುಟ್ಟನ್ನಲ್ಲ, ನಿಮ್ಮ ದುಡಿಮೆಯನ್ನೇ ಕಟ್ಟಿಹಾಕುತ್ತದೆ. ಅದನ್ನು ತೆಗೆಯುವಂತೆ ಬರಹದಲ್ಲೇ ಕೇಳಿ. ನಷ್ಟ ಸಾಬೀತಾಗದಿದ್ದರೂ ಇಂತಿಷ್ಟು ದಂಡ ತೆರಬೇಕೆಂಬ ಸಾಲಿದ್ದರೆ ವಕೀಲರಿಗೆ ತೋರಿಸದೆ ಸಹಿ ಹಾಕಬೇಡಿ.

ಹೆಚ್ಚಿನವರು ಎಡವುವುದು ಕೊನೆಯ ಪುಟದಲ್ಲಿ: ‘ಕೆಲಸ ಮುಗಿದೊಡನೆ ಎಲ್ಲ ಪ್ರತಿಗಳನ್ನೂ ನಾಶಪಡಿಸತಕ್ಕದ್ದು.’ ಓದುವುದಕ್ಕೆ ಸರಳವಾಗಿದೆ. ಆದರೆ ನಮ್ಮ ಅನುವಾದಕಿಯ ಬಳಿ ಎಷ್ಟು ಪ್ರತಿಗಳಿವೆ? ಇಮೇಲಿನ ಲಗತ್ತು, ಡೌನ್‌ಲೋಡ್ ಫೋಲ್ಡರ್, ಕ್ಲೌಡ್‌ಗೆ ತಾನಾಗಿ ಏರಿದ ಪ್ರತಿ, ಅದರ ಕಸದಬುಟ್ಟಿ, ಬ್ಯಾಕಪ್ ಡಿಸ್ಕ್. ಇವೆಲ್ಲವನ್ನೂ ಅಳಿಸಿದರೂ ಅನುವಾದಿಸಿದ ವಾಕ್ಯಗಳನ್ನು ಮರುಬಳಕೆಗೆಂದು ಕೂಡಿಡುವ, ಭಾಷಾಂತರ ತಂತ್ರಾಂಶದ ಅನುವಾದ ಸ್ಮೃತಿಯಲ್ಲಿ ಕೈಪಿಡಿಯ ವಾಕ್ಯಗಳು ಒಂದೊಂದಾಗಿ ಉಳಿದಿರುತ್ತವೆ, ಮುಂದೊಂದು ದಿನ ಬೇರೆ ಗ್ರಾಹಕರ ಕೆಲಸದ ನಡುವೆ ತಲೆಯೆತ್ತುತ್ತವೆ. ಆದ್ದರಿಂದ ‘ಸ್ವಯಂಚಾಲಿತ ಬ್ಯಾಕಪ್‌ನಲ್ಲಿ ಉಳಿದ ಪ್ರತಿಗಳನ್ನು, ಅವು ಅಳಿಯುವವರೆಗೂ ಗೋಪ್ಯವಾಗಿಡಲಾಗುವುದು’ ಎಂಬ ಸಾಲನ್ನು ಸೇರಿಸಲು ಕೇಳಬೇಕು. ಮುಂದೆ ವಿವಾದವಾದರೆ ತೋರಿಸಲು, ಒಪ್ಪಿಸಿದ ಕೆಲಸದ ಒಂದು ಪ್ರತಿಯನ್ನು ಉಳಿಸಿಕೊಳ್ಳಲೂ ಅನುಮತಿ ಪಡೆಯುವುದು ಒಳಿತು.

ಇನ್ನುಳಿದ ವ್ಯವಸ್ಥೆಯನ್ನು ಕಡತ ಬರುವ ಮೊದಲೇ ಮಾಡಿಕೊಳ್ಳಬೇಕು. ಲ್ಯಾಪ್‌ಟಾಪಿನ ಇಡೀ ಡಿಸ್ಕನ್ನು ವಿಂಡೋಸ್‌ನ ಬಿಟ್‌ಲಾಕರ್ ಅಥವಾ ಮ್ಯಾಕ್‌ನ ಫೈಲ್‌ವಾಲ್ಟ್‌ನಿಂದ ಗೂಢಲಿಪೀಕರಿಸಿ, ಅದನ್ನು ಬಿಡಿಸುವ ಕೀಲಿಯನ್ನು ಬೇರೆಡೆ ಇಡಿ. ಯಂತ್ರ ಕಳವಾದರೆ ಕಾಪಾಡುವುದು ಇದೇ. ತೆರೆದಿಟ್ಟ ಪರದೆಗೆ ಮಾತ್ರ ಇದರಿಂದ ರಕ್ಷಣೆಯಿಲ್ಲ. ಈ ಗ್ರಾಹಕರಿಗಾಗಿ ಪ್ರತ್ಯೇಕ ಫೋಲ್ಡರನ್ನೂ ಪ್ರತ್ಯೇಕ ಅನುವಾದ ಸ್ಮೃತಿಯನ್ನೂ ತೆರೆದು, ಆ ಫೋಲ್ಡರನ್ನು ಕ್ಲೌಡ್ ಸಿಂಕ್‌ನಿಂದ ಹೊರಗಿಡಿ. ಕರಡು ತಿದ್ದುವ ಗೆಳತಿಗೆ ಒಂದು ಪುಟ ಕಳಿಸಬೇಕಿದ್ದರೂ ಗ್ರಾಹಕರ ಲಿಖಿತ ಒಪ್ಪಿಗೆ ಬೇಕಾಗುತ್ತದೆ.

ಕಡತ ಎಲ್ಲೆಲ್ಲಿ ಹೋಯಿತೆಂಬುದನ್ನು ಒಂದು ಹಾಳೆಯಲ್ಲಿ ಬರೆದಿಡುತ್ತ ಬಂದರೆ, ಅಳಿಸುವ ದಿನ ಆ ಹಾಳೆಯನ್ನೇ ಹಿಡಿದು ಒಂದೊಂದನ್ನೂ ತೆಗೆದು, ದಿನಾಂಕ ನಮೂದಿಸಿ ಗ್ರಾಹಕರಿಗೆ ಇಮೇಲ್‌ನಲ್ಲಿ ತಿಳಿಸಬಹುದು.