ಡೈಲ್ಯೂಟೆಡ್ ಇಪಿಎಸ್: ಆ ಪೈಸೆಗಳು ಎಲ್ಲಿ ಹೋದವು?

ಕಂಪನಿಯ ಫಲಿತಾಂಶದ ಪಟ್ಟಿಯನ್ನು ಕೊನೆಯವರೆಗೆ ಓದಿದರೆ ತಳದಲ್ಲಿ ಎರಡು ಸಾಲು ಸಿಗುತ್ತವೆ. ಒಂದು ಬೇಸಿಕ್ ಇಪಿಎಸ್, ಇನ್ನೊಂದು ಡೈಲ್ಯೂಟೆಡ್ ಇಪಿಎಸ್. ಇಪಿಎಸ್ ಎಂದರೆ ಪ್ರತಿ ಷೇರಿನ ಗಳಿಕೆ; ಮುಂದೆ ಷೇರಾಗಬಹುದಾದ ಪತ್ರಗಳನ್ನೂ ಲೆಕ್ಕಕ್ಕೆ ಹಿಡಿದರೆ ಅದು ಡೈಲ್ಯೂಟೆಡ್. ಇನ್ಫೊಸಿಸ್‌ನ 2023-24ರ ಒಟ್ಟುಗೂಡಿಸಿದ ಲೆಕ್ಕದಲ್ಲಿ ಮೊದಲನೆಯದು 63.39 ರೂಪಾಯಿ, ಎರಡನೆಯದು 63.29 ರೂಪಾಯಿ. ಹತ್ತು ಪೈಸೆಯ ಅಂತರ. ನಾನೂರು ಕೋಟಿಗೂ ಹೆಚ್ಚು ಷೇರುಗಳಿರುವ ಕಂಪನಿಯಲ್ಲಿ ನೌಕರರ ಷೇರು ಯೋಜನೆಗಳಿಂದ ಆಗುವ ಕಡಿತ ಅಷ್ಟೇ. ಆದರೆ ಸಣ್ಣ ಕಂಪನಿ ನೌಕರರಿಗೆ ಧಾರಾಳವಾಗಿ ಇಸಾಪ್, ಅಂದರೆ ಷೇರು ಆಪ್ಷನ್, ಹಂಚಿ, ಮೇಲೆ ಷೇರಾಗಿ ಬದಲಾಗಬಲ್ಲ ಪರಿವರ್ತನೀಯ ಡಿಬೆಂಚರ್ ಕೊಟ್ಟು ಸಾಲವನ್ನೂ ಎತ್ತಿದ್ದರೆ ಈ ಅಂತರ ರೂಪಾಯಿಗಳಿಗೆ ಏರುತ್ತದೆ. ಅದು ಹೇಗೆ ಹುಟ್ಟುತ್ತದೆ ಎಂದು ತಿಳಿಯಲು ಒಮ್ಮೆ ನಾವೇ ಲೆಕ್ಕ ಹಾಕಿ ನೋಡುವುದು ಒಳ್ಳೆಯದು. ಪೆನ್ನು, ಕಾಗದ, ಕ್ಯಾಲ್ಕುಲೇಟರ್ ಇದ್ದರೆ ಸಾಕು.

ಉದಾಹರಣೆಗೆ ಒಂದು ಕಂಪನಿಯನ್ನು ಊಹಿಸಿಕೊಳ್ಳೋಣ. ತೆರಿಗೆ ಕಳೆದ ಮೇಲೆ ವರ್ಷದ ಲಾಭ 60 ಕೋಟಿ ರೂಪಾಯಿ. ಈಕ್ವಿಟಿ ಷೇರುಗಳು 5 ಕೋಟಿ. ನೌಕರರ ಕೈಯಲ್ಲಿ 50 ಲಕ್ಷ ಆಪ್ಷನ್‌ಗಳಿವೆ, ಅಂದರೆ ಮೊದಲೇ ನಿಗದಿಯಾದ ದರಕ್ಕೆ ಷೇರು ಪಡೆಯುವ ಹಕ್ಕುಗಳು. ಇದರ ಜೊತೆಗೆ ಎರಡು ಬಗೆಯ ಪರಿವರ್ತನೀಯ ಡಿಬೆಂಚರ್‌ಗಳಿವೆ. ಅವುಗಳ ವಿವರ ಮುಂದೆ ಬರುತ್ತದೆ.

ಮೊದಲು ಬೇಸಿಕ್

ಈಕ್ವಿಟಿ ಷೇರುದಾರರಿಗೆ ಸೇರುವ ಲಾಭವನ್ನು ಷೇರುಗಳ ಸಂಖ್ಯೆಯಿಂದ ಭಾಗಿಸಬೇಕು. 60 ಕೋಟಿಯನ್ನು 5 ಕೋಟಿಯಿಂದ ಭಾಗಿಸಿದರೆ 12 ರೂಪಾಯಿ. ಇಲ್ಲಿ ಷೇರುಗಳ ಸಂಖ್ಯೆ ಎಂದರೆ ಮಾರ್ಚ್ 31ರಂದು ಇದ್ದದ್ದಲ್ಲ, ವರ್ಷದುದ್ದಕ್ಕೂ ಇದ್ದ ಸರಾಸರಿ. ಅಕ್ಟೋಬರ್ 1ರಂದು 1 ಕೋಟಿ ಹೊಸ ಷೇರು ಹೊರಬಂದಿದ್ದರೆ ಆ ವರ್ಷಕ್ಕೆ ಅದು ಅರ್ಧ ಕೋಟಿಯಷ್ಟೇ.

ನಮ್ಮ ದೊಡ್ಡ ಕಂಪನಿಗಳು ಪಾಲಿಸುವ ಲೆಕ್ಕಪತ್ರ ಮಾನದಂಡ ಇಂಡ್ ಎಎಸ್ 33. ಕಡ್ಡಾಯವಾಗಿ ಷೇರಾಗಲೇಬೇಕಾದ ಪತ್ರಗಳನ್ನು, ಅಂದರೆ ಹಿಂದಿರುಗಿಸುವ ಆಯ್ಕೆಯೇ ಇಲ್ಲದವನ್ನು, ಅದು ಒಪ್ಪಂದವಾದ ದಿನದಿಂದಲೇ ಬೇಸಿಕ್ ಲೆಕ್ಕಕ್ಕೆ ಸೇರಿಸುತ್ತದೆ. ಸ್ಟಾರ್ಟಪ್‌ಗಳಲ್ಲಿ ಇಂಥ ಪತ್ರಗಳು ಹೆಚ್ಚು. ಹಾಗಾಗಿ ಅಲ್ಲಿ ಕಡಿತದ ಒಂದು ಪಾಲು ಬೇಸಿಕ್ ಇಪಿಎಸ್‌ನಲ್ಲೇ ಆಗಿಹೋಗಿರುತ್ತದೆ. ಡೈಲ್ಯೂಟೆಡ್ ಸಾಲಿನಲ್ಲಿ ಮಾತ್ರ ಅದನ್ನು ಹುಡುಕಿದರೆ ಸಿಗುವುದಿಲ್ಲ.

ಆಪ್ಷನ್: 50 ಲಕ್ಷವಲ್ಲ, 30 ಲಕ್ಷ

ಬಹಳ ಜನ ಎಡವುವುದು ಇಲ್ಲೇ. 50 ಲಕ್ಷ ಆಪ್ಷನ್ ಇದೆ ಎಂದ ಕೂಡಲೇ 5 ಕೋಟಿಗೆ 50 ಲಕ್ಷ ಕೂಡಿಸಿಬಿಡುತ್ತಾರೆ. ಆದರೆ ನೌಕರ ಆಪ್ಷನ್ ಬಳಸಿ ಷೇರು ಪಡೆಯುವಾಗ ಕಂಪನಿಗೆ ದುಡ್ಡು ಕೊಡುತ್ತಾನೆ. ಆ ದುಡ್ಡಿಗೂ ಒಂದು ಬೆಲೆ ಇದೆ.

ನಮ್ಮ ಕಂಪನಿಯಲ್ಲಿ ಆಪ್ಷನ್‌ಗೆ ನಿಗದಿಯಾದ ದರ 100 ರೂಪಾಯಿ, ವರ್ಷದ ಸರಾಸರಿ ಮಾರುಕಟ್ಟೆ ದರ 250 ರೂಪಾಯಿ ಎನ್ನೋಣ. ಎಲ್ಲರೂ ಆಪ್ಷನ್ ಬಳಸಿದರೆ ಕಂಪನಿಗೆ 50 ಕೋಟಿ ರೂಪಾಯಿ ಬರುತ್ತದೆ. ಅಷ್ಟು ಹಣಕ್ಕೆ ಮಾರುಕಟ್ಟೆ ದರದಲ್ಲಿ ಎಷ್ಟು ಷೇರು ಬರುತ್ತಿತ್ತು? 50 ಕೋಟಿಯನ್ನು 250ರಿಂದ ಭಾಗಿಸಿದರೆ 20 ಲಕ್ಷ. ಅಂದರೆ 50 ಲಕ್ಷದಲ್ಲಿ 20 ಲಕ್ಷ ಷೇರಿಗೆ ಕಂಪನಿಗೆ ಪೂರ್ತಿ ಬೆಲೆ ಸಿಕ್ಕಂತಾಯಿತು. ಉಳಿದ 30 ಲಕ್ಷ ಪುಕ್ಕಟೆ ಹೋದ ಹಾಗೆ. ಹಳೆಯ ಷೇರುದಾರರ ಪಾಲನ್ನು ತಿನ್ನುವುದು ಆ 30 ಲಕ್ಷ ಮಾತ್ರ. ಆಗ 60 ಕೋಟಿ ಲಾಭಕ್ಕೆ 5.3 ಕೋಟಿ ಷೇರು. ಇಪಿಎಸ್ 11.32 ರೂಪಾಯಿಗೆ ಇಳಿಯುತ್ತದೆ.

ಈ ಲೆಕ್ಕದ ಬುಡದಲ್ಲಿ ಮಾರುಕಟ್ಟೆ ದರ ಕುಳಿತಿದೆ ಎಂಬುದನ್ನು ಗಮನಿಸಿ. ಸರಾಸರಿ ದರ 400ಕ್ಕೆ ಏರಿದರೆ ಅದೇ 50 ಕೋಟಿಗೆ ಬರುವುದು 12.5 ಲಕ್ಷ ಷೇರು, ಪುಕ್ಕಟೆ ಷೇರು 37.5 ಲಕ್ಷಕ್ಕೆ ಹಿಗ್ಗುತ್ತದೆ. ಹೊಸದಾಗಿ ಒಂದೂ ಆಪ್ಷನ್ ಕೊಡದಿದ್ದರೂ ಕಡಿತ ಜಾಸ್ತಿಯಾಗುತ್ತದೆ. ದರ 100ಕ್ಕಿಂತ ಕೆಳಗೆ ಬಿದ್ದರೆ ಆಪ್ಷನ್ ಬಳಸುವವರೇ ಇರುವುದಿಲ್ಲವಾದ್ದರಿಂದ ಲೆಕ್ಕಕ್ಕೆ ಸೊನ್ನೆ. ಹಾಗಾಗಿ ಡೈಲ್ಯೂಟೆಡ್ ಇಪಿಎಸ್ ಅನ್ನು 'ಅತಿ ಕೆಟ್ಟ ಸ್ಥಿತಿಯ ಅಂಕಿ' ಎಂದು ಕರೆಯುವುದನ್ನು ನಾನು ಒಪ್ಪುವುದಿಲ್ಲ. ಷೇರು ಕುಸಿದ ವರ್ಷದಲ್ಲಿ ಅದು ಆಪ್ಷನ್‌ಗಳನ್ನು ಕಣ್ಮರೆ ಮಾಡಿಬಿಡುತ್ತದೆ, ಆಪ್ಷನ್‌ಗಳು ಮಾತ್ರ ನೌಕರರ ಬಳಿ ಹಾಗೇ ಇರುತ್ತವೆ.

ವಾರ್ಷಿಕ ವರದಿಯ ಅಂಕಿಯನ್ನು ಇದೇ ರೀತಿ ತಾಳೆ ಮಾಡಲು ಹೋದರೆ ಸಾಮಾನ್ಯವಾಗಿ ಕೂಡುವುದಿಲ್ಲ. ಅದಕ್ಕೆ ಕಾರಣವಿದೆ. ನೌಕರ ಇನ್ನೂ ಕೆಲಸ ಮಾಡಿ ಗಳಿಸಬೇಕಾದ ಆಪ್ಷನ್ ಇದ್ದರೆ, ಮುಂದೆ ಅವನು ಕೊಡಲಿರುವ ಸೇವೆಯ ಮೌಲ್ಯವನ್ನೂ ದರಕ್ಕೆ ಸೇರಿಸಬೇಕು. ನಮ್ಮ ಉದಾಹರಣೆಯಲ್ಲಿ ಅದು ಆಪ್ಷನ್ ಒಂದಕ್ಕೆ 50 ರೂಪಾಯಿ ಎಂದಿಟ್ಟುಕೊಂಡರೆ ದರ 150 ಆಗುತ್ತದೆ, ಬರುವ ಹಣ 75 ಕೋಟಿ, ಅದಕ್ಕೆ 30 ಲಕ್ಷ ಷೇರು, ಪುಕ್ಕಟೆ ಉಳಿಯುವುದು 20 ಲಕ್ಷ. ವರ್ಷ ಕಳೆದಂತೆ ಆ 50 ರೂಪಾಯಿ ಕರಗುತ್ತಾ ಹೋಗಿ ಕಡಿತ ಪೂರ್ತಿಯಾಗಿ ಕಾಣಿಸಿಕೊಳ್ಳುತ್ತದೆ. ಮುಂದಿನ ಲೆಕ್ಕ ಸರಳವಾಗಿರಲೆಂದು ನಮ್ಮ ಆಪ್ಷನ್‌ಗಳೆಲ್ಲ ಈಗಾಗಲೇ ನೌಕರರಿಗೆ ಸಂದವು ಎಂದುಕೊಂಡು 30 ಲಕ್ಷವನ್ನೇ ಉಳಿಸಿಕೊಳ್ಳುತ್ತೇನೆ.

ಡಿಬೆಂಚರ್: ಮೇಲೂ ಕೂಡಿಸಿ, ಕೆಳಗೂ ಕೂಡಿಸಿ

ಪರಿವರ್ತನೀಯ ಡಿಬೆಂಚರ್ ಇವತ್ತಿಗೆ ಸಾಲ, ನಾಳೆಗೆ ಷೇರು. ಅದು ವರ್ಷದ ಮೊದಲ ದಿನವೇ ಷೇರಾಗಿಬಿಟ್ಟಿತ್ತು ಎಂದು ಭಾವಿಸಿ ಲೆಕ್ಕ ಹಾಕಬೇಕು. ಷೇರಾಗಿದ್ದರೆ ಬಡ್ಡಿ ಕೊಡುವ ಪ್ರಮೇಯವಿರುತ್ತಿರಲಿಲ್ಲ. ಆದ್ದರಿಂದ ಛೇದಕ್ಕೆ ಹೊಸ ಷೇರು ಸೇರಿಸುವಾಗ ಅಂಶಕ್ಕೆ ಆ ಬಡ್ಡಿಯನ್ನೂ ವಾಪಸ್ ಸೇರಿಸಬೇಕು. ಪೂರ್ತಿ ಬಡ್ಡಿಯಲ್ಲ. ಬಡ್ಡಿಯಿಂದ ಸಿಗುತ್ತಿದ್ದ ತೆರಿಗೆ ಉಳಿತಾಯವೂ ಹೋಗುತ್ತದಲ್ಲ, ಅದನ್ನು ಕಳೆಯಬೇಕು. ರಿಯಾಯಿತಿ ದರ ಆಯ್ದುಕೊಂಡ ನಮ್ಮ ದೇಶದ ಕಂಪನಿಗೆ ಸೆಸ್, ಸರ್ಚಾರ್ಜ್ ಸೇರಿ ತೆರಿಗೆ ಶೇ 25.17ರಷ್ಟು. ನಾವು ಶೇ 25 ಎಂದೇ ಇಟ್ಟುಕೊಳ್ಳೋಣ.

ಮೊದಲ ಡಿಬೆಂಚರ್ 100 ಕೋಟಿಯದು, ಬಡ್ಡಿ ಶೇ 4, ಷೇರಾದರೆ 50 ಲಕ್ಷ ಷೇರು. ಬಡ್ಡಿ 4 ಕೋಟಿ, ತೆರಿಗೆ ಕಳೆದು 3 ಕೋಟಿ. ಈ 3 ಕೋಟಿಯನ್ನು 50 ಲಕ್ಷದಿಂದ ಭಾಗಿಸಿದರೆ ಹೊಸ ಷೇರು ಒಂದಕ್ಕೆ 6 ರೂಪಾಯಿ. ಎರಡನೆಯದು ಹಳೆಯ ಡಿಬೆಂಚರ್, ಅದೂ 100 ಕೋಟಿ, ಬಡ್ಡಿ ಶೇ 9, ಷೇರಾದರೆ 60 ಲಕ್ಷ. ಬಡ್ಡಿ 9 ಕೋಟಿ, ತೆರಿಗೆ ಕಳೆದು 6.75 ಕೋಟಿ, ಹೊಸ ಷೇರು ಒಂದಕ್ಕೆ 11.25 ರೂಪಾಯಿ.

ವರ್ಷದ ನಡುವೆ ಬಿಡುಗಡೆಯಾದ ಡಿಬೆಂಚರ್ ಆದರೆ ಬಡ್ಡಿಯನ್ನೂ ಷೇರನ್ನೂ ಆ ತಿಂಗಳುಗಳ ಮಟ್ಟಿಗೇ ತೆಗೆದುಕೊಳ್ಳಬೇಕು. ಇನ್ನೊಂದು ಮಾತು: ಡಿಬೆಂಚರ್ ಪತ್ರದ ಮೇಲೆ ಬರೆದ ಬಡ್ಡಿ ದರವನ್ನು ನೆಚ್ಚಬೇಡಿ. ಲಾಭ-ನಷ್ಟ ಪಟ್ಟಿಯಲ್ಲಿ ಖರ್ಚು ಹಾಕಿದ ಬಡ್ಡಿ ಹಲವು ಬಾರಿ ಅದಕ್ಕಿಂತ ಜಾಸ್ತಿ ಇರುತ್ತದೆ, ಯಾಕೆಂದರೆ ಇಂಥ ಪತ್ರವನ್ನು ಸಾಲದ ಭಾಗ, ಷೇರಿನ ಭಾಗ ಎಂದು ಎರಡಾಗಿ ಒಡೆದು ಲೆಕ್ಕ ಇಡಲಾಗುತ್ತದೆ. ವಾಪಸ್ ಸೇರಿಸಬೇಕಾದದ್ದು ಖರ್ಚು ಹಾಕಿದ ಮೊತ್ತವನ್ನೇ.

ಯಾವುದು ಮೊದಲು?

ಈಗ ಇಡೀ ಲೆಕ್ಕದ ಸೂಕ್ಷ್ಮ ಜಾಗಕ್ಕೆ ಬಂದೆವು. ನಿಯಮದ ಪ್ರಕಾರ ಇಪಿಎಸ್ ಅನ್ನು ಇಳಿಸುವ ಪತ್ರಗಳನ್ನು ಮಾತ್ರ ಸೇರಿಸಬೇಕು, ಏರಿಸುವವನ್ನು ಹೊರಗಿಡಬೇಕು. ಹಳೆಯ ಡಿಬೆಂಚರಿನ 11.25 ಬೇಸಿಕ್ 12ಕ್ಕಿಂತ ಕಡಿಮೆ. ಹಾಗಾದರೆ ಅದನ್ನು ಸೇರಿಸಬೇಕಲ್ಲವೇ?

ಆತುರ ಬೇಡ. ಪತ್ರಗಳನ್ನು ಹೆಚ್ಚು ಇಳಿಸುವುದರಿಂದ ಕಡಿಮೆ ಇಳಿಸುವುದರ ಕಡೆಗೆ ಸಾಲಾಗಿ ನಿಲ್ಲಿಸಿ, ಒಂದೊಂದಾಗಿ ಒಳಗೆ ಬಿಡಬೇಕು. ಆಪ್ಷನ್‌ಗೆ ಅಂಶದಲ್ಲಿ ಸೇರಿಸುವಂಥದ್ದು ಏನೂ ಇಲ್ಲ, ಆದ್ದರಿಂದ ಅದೇ ಮೊದಲು: 11.32. ನಂತರ 6 ರೂಪಾಯಿಯ ಡಿಬೆಂಚರ್: 63 ಕೋಟಿಯನ್ನು 5.8 ಕೋಟಿಯಿಂದ ಭಾಗಿಸಿ, 10.86. ಈಗ ಹಳೆಯ ಡಿಬೆಂಚರ್ ಬಾಗಿಲಲ್ಲಿ ನಿಂತಾಗ ಹೋಲಿಸಬೇಕಾದದ್ದು 12ರ ಜೊತೆಗಲ್ಲ, 10.86ರ ಜೊತೆಗೆ. 11.25 ಅದಕ್ಕಿಂತ ದೊಡ್ಡದು. ಸೇರಿಸಿದರೆ 69.75 ಕೋಟಿಯನ್ನು 6.4 ಕೋಟಿಯಿಂದ ಭಾಗಿಸಿ 10.90 ಬರುತ್ತದೆ, ಅಂದರೆ ಇಪಿಎಸ್ ಏರಿತು. ಆದ್ದರಿಂದ ಅದು ಹೊರಗೆ. ಸರಿಯಾದ ಉತ್ತರ 10.86 ರೂಪಾಯಿ.

ನಾಲ್ಕು ಪೈಸೆಗೆ ಇಷ್ಟು ರಗಳೆಯೇ ಎನ್ನಬಹುದು. ಆದರೆ ಹೊರಗುಳಿದ ಆ ಡಿಬೆಂಚರ್ 60 ಲಕ್ಷ ಷೇರಾಗುವ ಸಾಧ್ಯತೆ ಹಾಗೇ ಇದೆ. ಬೇಸಿಕ್‌ನಿಂದ ಡೈಲ್ಯೂಟೆಡ್‌ಗೆ 1.14 ರೂಪಾಯಿ ಇಳಿಯಿತು ಎಂಬ ಅಂಕಿಯಲ್ಲಿ ಅದರ ಸುಳಿವೇ ಇಲ್ಲ.

ವರದಿಯಲ್ಲಿ ಎಲ್ಲಿ ನೋಡಬೇಕು

ಇದಕ್ಕೆ ವಾರ್ಷಿಕ ವರದಿಯ ಹಣಕಾಸು ಟಿಪ್ಪಣಿಗಳಲ್ಲಿ ಪ್ರತಿ ಷೇರಿನ ಗಳಿಕೆಯ ಟಿಪ್ಪಣಿ ತೆರೆಯಿರಿ. ಬೇಸಿಕ್‌ಗೆ ಬಳಸಿದ ಷೇರುಗಳ ಸಂಖ್ಯೆ, ಅದರ ಮೇಲೆ ಕೂಡಿಸಿದ್ದು, ಡೈಲ್ಯೂಟೆಡ್‌ಗೆ ಬಳಸಿದ ಸಂಖ್ಯೆ ಅಲ್ಲಿ ಸಾಲಾಗಿ ಇರುತ್ತವೆ. ಈ ವರ್ಷ ಇಪಿಎಸ್ ಅನ್ನು ಇಳಿಸದ ಕಾರಣಕ್ಕೆ ಹೊರಗಿಟ್ಟ ಪತ್ರಗಳನ್ನೂ ಕಂಪನಿ ಅಲ್ಲಿ ಹೇಳಬೇಕು. ನನ್ನ ಮಟ್ಟಿಗೆ ಆ ಟಿಪ್ಪಣಿಯಲ್ಲಿ ಮೊದಲು ಓದಬೇಕಾದ ಸಾಲು ಅದೇ. ನಂತರ ಇಸಾಪ್ ಟಿಪ್ಪಣಿಗೆ ಹೋಗಿ ಬಾಕಿ ಇರುವ ಒಟ್ಟು ಆಪ್ಷನ್‌ಗಳನ್ನೂ ಅವುಗಳ ದರವನ್ನೂ ನೋಡಿ, ಮೇಲಿನಂತೆ ಇವತ್ತಿನ ಮಾರುಕಟ್ಟೆ ದರ ಹಾಕಿ ಮತ್ತೊಮ್ಮೆ ಲೆಕ್ಕ ಮಾಡಬಹುದು. ತ್ರೈಮಾಸಿಕ ಫಲಿತಾಂಶದ ಇಪಿಎಸ್ ಮೂರು ತಿಂಗಳದ್ದು ಮಾತ್ರ. ಅದನ್ನು ಇಡೀ ವರ್ಷದ ಅಂಕಿಯ ಪಕ್ಕ ಇಡಬೇಡಿ.

ನಷ್ಟದ ಕಂಪನಿಗಳಲ್ಲಿ ಆ ಸಾಲಿನ ಮಹತ್ವ ಇನ್ನೂ ಹೆಚ್ಚು. ನಮ್ಮ ಕಂಪನಿಗೆ 60 ಕೋಟಿ ಲಾಭದ ಬದಲು 60 ಕೋಟಿ ನಷ್ಟವಾಗಿದ್ದರೆ ಬೇಸಿಕ್ ಇಪಿಎಸ್ ಮೈನಸ್ 12. ಅದಕ್ಕೆ 30 ಲಕ್ಷ ಷೇರು ಸೇರಿಸಿದರೆ ನಷ್ಟ ಹೆಚ್ಚು ಜನರಿಗೆ ಹಂಚಿಹೋಗಿ ಮೈನಸ್ 11.32 ಆಗುತ್ತದೆ, ಅಂದರೆ ಚಿತ್ರ ಸುಧಾರಿಸಿದಂತೆ ಕಾಣುತ್ತದೆ. ಅದಕ್ಕೆ ಅವಕಾಶವಿಲ್ಲ. ಹೀಗಾಗಿ ನಷ್ಟದ ವರ್ಷದಲ್ಲಿ ಆಪ್ಷನ್, ಡಿಬೆಂಚರ್ ಎಲ್ಲವೂ ಹೊರಗುಳಿದು ಬೇಸಿಕ್, ಡೈಲ್ಯೂಟೆಡ್ ಎರಡೂ ಮೈನಸ್ 12 ಎಂದೇ ಅಚ್ಚಾಗುತ್ತವೆ. ಎರಡೂ ಒಂದೇ ಇದೆಯಲ್ಲ, ಇಲ್ಲಿ ಕಡಿತದ ಭಯವಿಲ್ಲ ಎಂದುಕೊಂಡು ಷೇರು ಕೊಳ್ಳುವವರಿದ್ದಾರೆ. ಮರುವರ್ಷ ಅದೇ ಕಂಪನಿ 60 ಕೋಟಿ ಲಾಭಕ್ಕೆ ತಿರುಗಿದರೆ ಆಪ್ಷನ್‌ಗಳೂ ಮೊದಲ ಡಿಬೆಂಚರೂ ಒಮ್ಮೆಲೇ ಲೆಕ್ಕಕ್ಕೆ ಬರುತ್ತವೆ, ಷೇರಿಗೆ 12 ರೂಪಾಯಿ ಎಂದು ಲೆಕ್ಕ ಹಾಕಿ ಕುಳಿತವರಿಗೆ ಫಲಿತಾಂಶದ ಕೆಳಗಿನ ಸಾಲು 10.86 ಎಂದು ತೋರಿಸುತ್ತದೆ.