ಒದ್ದೆ ಟೈಲ್ಸ್‌ಗೆ ಸೋಲ್ ಮಾಡುವಾಗ ನಾನು ಕಂಡದ್ದು

ಬೂಟಿನ ಸೋಲ್‌ಗೆ ರಬ್ಬರ್ ಮಿಶ್ರಣ ತಯಾರಿಸುವುದು ನನ್ನ ಕೆಲಸ. ದಿನವಿಡೀ ಒದ್ದೆ ಟೈಲ್ಸ್ ಮೇಲೆ ನಿಂತು ಕೆಲಸ ಮಾಡುವವರಿಗೆ ಒಂದು ಸೋಲ್ ಬೇಕಾಗಿತ್ತು. ಜಾರಬಾರದು, ಬೇಗ ಸವೆಯಲೂಬಾರದು. ಈ ಎರಡು ಬೇಡಿಕೆ ಒಂದಕ್ಕೊಂದು ವಿರುದ್ಧ ಎಳೆಯುತ್ತವೆ.

ನಮ್ಮಲ್ಲಿದ್ದ ಹಳೆಯ ಮಿಶ್ರಣ ಹೀಗಿತ್ತು: 100 ಭಾಗ ರಬ್ಬರ್‌ನಲ್ಲಿ 60 ಭಾಗ ಎಸ್‌ಬಿಆರ್ ಎಂಬ ಸ್ಟೈರೀನ್-ಬ್ಯುಟಾಡೈಯೀನ್ ರಬ್ಬರ್, 40 ಭಾಗ ಬಿಆರ್ ಎಂಬ ಬ್ಯುಟಾಡೈಯೀನ್ ರಬ್ಬರ್. ಅದಕ್ಕೆ ಬಲ ಕೊಡುವ ಕಪ್ಪು ಪುಡಿ ಕಾರ್ಬನ್ ಬ್ಲ್ಯಾಕ್ 50 ಭಾಗ, ಸ್ವಲ್ಪ ಎಣ್ಣೆ, ಗಂಧಕ. ಗಡಸುತನ ಶೋರ್ ಎ ಮಾಪಕದಲ್ಲಿ 66ರ ಆಸುಪಾಸು, ಸಂಖ್ಯೆ ಹೆಚ್ಚಿದಷ್ಟೂ ರಬ್ಬರ್ ಗಟ್ಟಿ. ಸವೆತಕ್ಕೆ ಚೆನ್ನಾಗಿಯೇ ತಡೆಯುತ್ತಿತ್ತು. ಸೋಪು ನೀರು ಬಿದ್ದ ಟೈಲ್ಸ್ ಮೇಲೆ ಮಾತ್ರ ಹಿಮ್ಮಡಿ ಸುಯ್ಯೆಂದು ಮುಂದಕ್ಕೆ ಹೋಗುತ್ತಿತ್ತು.

ಒದ್ದೆ ನೆಲದಲ್ಲಿ ಸೋಲ್‌ಗೂ ಟೈಲ್ಸ್‌ಗೂ ಮಧ್ಯೆ ನೀರಿನ ತೆಳು ಪದರ ಇರುತ್ತದೆ. ನೋಡಲು ನುಣುಪಾದ ಟೈಲ್ಸ್‌ನಲ್ಲೂ ಕಣ್ಣಿಗೆ ಕಾಣದ ಉಬ್ಬುತಗ್ಗುಗಳಿವೆ. ಕಾಲಿಟ್ಟ ಆ ಕ್ಷಣದಲ್ಲೇ ರಬ್ಬರ್ ನೀರನ್ನು ಪಕ್ಕಕ್ಕೆ ತಳ್ಳಿ ಆ ಉಬ್ಬುಗಳನ್ನು ಮುಟ್ಟಬೇಕು. ಗಟ್ಟಿ ರಬ್ಬರ್ ಉಬ್ಬಿನ ತುದಿಯನ್ನಷ್ಟೇ ಮುಟ್ಟುತ್ತದೆ. ಮೆತ್ತಗಿನದು ಬಾಗಿ, ಉಬ್ಬಿನ ಸುತ್ತ ಕೂತುಕೊಳ್ಳುತ್ತದೆ. ಜಾರಲು ಹೊರಟಾಗ ಪ್ರತಿ ಉಬ್ಬಿನ ಮೇಲೂ ಅದು ಒತ್ತಿ, ಮತ್ತೆ ಅರಳಬೇಕಾಗುತ್ತದೆ. ಆ ಒತ್ತಿ ಅರಳುವುದರಲ್ಲಿ ಶಕ್ತಿ ಖರ್ಚಾಗುತ್ತದೆ, ಅದೇ ಕಾಲನ್ನು ತಡೆಯುವುದು.

ಸವೆತಕ್ಕೂ ಕಾರಣ ಅಲ್ಲೇ ಇದೆ. ಮೆತ್ತನೆ ರಬ್ಬರ್ ಹೆಚ್ಚು ಜಾಗ ಮುಟ್ಟುತ್ತದೆ, ಹೆಚ್ಚು ಹಿಗ್ಗುತ್ತದೆ, ಹೆಚ್ಚು ಎಳೆಸಿಕೊಳ್ಳುತ್ತದೆ. ಮೇಲ್ಮೈಯಲ್ಲಿ ಸಣ್ಣ ಬಿರುಕು ಬಿಟ್ಟು, ಅದರ ನಾಲಿಗೆ ಹರಿದು ಉದುರುತ್ತದೆ, ಪೆನ್ಸಿಲ್ ಅಳಿಸುವ ಮೆತ್ತನೆ ರಬ್ಬರ್ ಪುಡಿಪುಡಿಯಾದ ಹಾಗೆ. ಸವೆದ ಮೆತ್ತನೆ ಸೋಲನ್ನು ಬೆಳಕಿಗೆ ಓರೆಯಾಗಿ ಹಿಡಿದು ನೋಡಿ. ಜಾರಿದ ದಿಕ್ಕಿಗೆ ಅಡ್ಡವಾಗಿ ಸಣ್ಣ ಅಲೆಗಳಂಥ ಗೆರೆಗಳು ಕಾಣುತ್ತವೆ. ಗಟ್ಟಿ ಸೋಲ್‌ನಲ್ಲಿ ಆ ಅಲೆಗಳು ಇಷ್ಟು ಎದ್ದು ಕಾಣುವುದು ಕಡಿಮೆ.

ಮೊದಲು ಸುಲಭದ ದಾರಿ ನೋಡಿದೆ. ಎಣ್ಣೆಯನ್ನು 20 ಭಾಗಕ್ಕೆ ಏರಿಸಿದೆ. ಗಡಸುತನ 55ಕ್ಕೆ ಇಳಿಯಿತು, ಒದ್ದೆ ಟೈಲ್ಸ್ ಮೇಲೆ ಹಿಡಿತವೂ ಬಂತು. ಆದರೆ ಸವೆತದ ಯಂತ್ರದಲ್ಲಿ ಲೆಕ್ಕ ಕೆಟ್ಟಿತು. ಅಲ್ಲಿ ತಿರುಗುವ ಮರಳು ಕಾಗದದ ಮೇಲೆ ತುಂಡನ್ನು 10 ನ್ಯೂಟನ್ ಬಲದಲ್ಲಿ ಒತ್ತಿ 40 ಮೀಟರ್ ಉಜ್ಜಿ, ಎಷ್ಟು ಘನ ಮಿಲಿಮೀಟರ್ ಹೋಯಿತು ಎಂದು ನೋಡುತ್ತೇವೆ. ಹಳೆಯದು 130ರ ಸುತ್ತ ಇತ್ತು, ಇದು 220 ದಾಟಿತು. ಎಣ್ಣೆ ರಬ್ಬರ್‌ನ ಎಳೆಗಳ ಮಧ್ಯೆ ಜಾಗ ಮಾಡಿ ಮೆದು ಮಾಡುತ್ತದೆ, ಹರಿಯದಂತೆ ತಡೆಯುವ ಬಲ ಮಾತ್ರ ಕೊಡುವುದಿಲ್ಲ.

ಹಾಗಾಗಿ ಎಣ್ಣೆಯನ್ನು ಮತ್ತೆ ಇಳಿಸಿ, ರಬ್ಬರನ್ನೇ ಬದಲಿಸಿದೆ. ಬಿಆರ್ ಸವೆತಕ್ಕೆ ಒಳ್ಳೆಯದು, ಆದರೆ ಅದು ತುಂಬಾ ಚುರುಕಾಗಿ ಪುಟಿಯುತ್ತದೆ. ಶಕ್ತಿಯನ್ನು ಒಳಗೆ ಖರ್ಚು ಮಾಡದೆ ವಾಪಸ್ ಕೊಟ್ಟುಬಿಡುತ್ತದೆ, ಒದ್ದೆಯಲ್ಲಿ ಹಿಡಿತ ಕಡಿಮೆ. ಅದನ್ನು 20 ಭಾಗಕ್ಕೆ ತಂದೆ, ಎಸ್‌ಬಿಆರ್ 80 ಮಾಡಿದೆ. ಕಾರ್ಬನ್ ಬ್ಲ್ಯಾಕ್ ಜಾಗಕ್ಕೆ 45 ಭಾಗ ಸಿಲಿಕಾ ಪುಡಿ ಹಾಕಿದೆ. ಸಿಲಿಕಾ ರಬ್ಬರ್ ಜೊತೆ ತಾನಾಗಿ ಬೆರೆಯದು, ಕೈಕೈ ಹಿಡಿಸಲು ಸಿಲೇನ್ ಎಂಬ ರಾಸಾಯನಿಕ ಬೇಕು. ಇನ್ನೊಂದು ಕಾಟವೆಂದರೆ, ಗಂಧಕ ರಬ್ಬರನ್ನು ಬೇಗ ಬೇಯಿಸಲು ನೆರವಾಗುವ ವೇಗವರ್ಧಕವನ್ನು ಸಿಲಿಕಾ ಹೀರಿಕೊಳ್ಳುತ್ತದೆ. ಅದಕ್ಕೇ ಸ್ವಲ್ಪ ಪಾಲಿಎಥಿಲೀನ್ ಗ್ಲೈಕಾಲ್ ಸೇರಿಸಬೇಕು, ಇಲ್ಲದಿದ್ದರೆ ಅಚ್ಚಿನಲ್ಲಿ ಸೋಲ್ ಪೂರ್ತಿ ಬೇಯುವುದಿಲ್ಲ.

ಪೂರ್ತಿ ಬೇಯದ ಸೋಲ್ ಮೋಸಗಾರ. ಮೆತ್ತಗಿರುತ್ತದೆ, ಮೊದಲ ಪರೀಕ್ಷೆಯಲ್ಲಿ ಚೆನ್ನಾಗಿಯೇ ಹಿಡಿಯುತ್ತದೆ, ಬೇಗನೆ ಪುಡಿಯಾಗುತ್ತದೆ. ಉಗುರಿನಿಂದ ಒತ್ತಿದ ಗುರುತು ಹಾಗೇ ಉಳಿದರೆ ಅನುಮಾನ ಪಡಿ. ಚೆನ್ನಾಗಿ ಬೆಂದದ್ದಾದರೆ ಗುರುತು ಮಾಯವಾಗುತ್ತದೆ.

ಕೊನೆಗೆ ಗಡಸುತನ 58 ಬಂತು, ಸವೆತ 160ರ ಆಸುಪಾಸು. ಹಳೆಯ ಮಿಶ್ರಣದಷ್ಟು ಬಾಳಿಕೆ ಇಲ್ಲ, ಎಣ್ಣೆ ಹಾಕಿದ್ದಕ್ಕಿಂತ ಎಷ್ಟೋ ಮೇಲು, ಒದ್ದೆ ಹಿಡಿತದಲ್ಲಿ ಅದಕ್ಕೆ ಸಮ. ಸುಮ್ನೆ ಶೋರ್ ಎ ಸಂಖ್ಯೆ ನೋಡಿ ಸೋಲ್ ಅಳೆಯಬೇಡಿ ಎಂದು ನಾನು ಹೇಳುವುದು ಇದಕ್ಕೇ. 55ರ ಸೋಲ್ ಎಣ್ಣೆಯಿಂದ ಮೆದುವಾಗಿದೆಯೋ, ಒಳ್ಳೆ ರಬ್ಬರ್‌ನಿಂದಲೋ ಎಂದು ಆ ಸಂಖ್ಯೆ ಹೇಳುವುದಿಲ್ಲ, ಅಲ್ವಾ?

ಹಿಡಿತ ಪರೀಕ್ಷಿಸುವ ಮುನ್ನ ಹೊಸ ಸೋಲ್‌ನ ಹೊಳಪನ್ನು ನಯವಾದ ಮರಳು ಕಾಗದದಿಂದ ಉಜ್ಜಿ ತೆಗೆಯುತ್ತೇನೆ. ಅಚ್ಚಿನಿಂದ ಬಂದ ಜಾರು ಪದರ ಅದು. ಉಜ್ಜದೆ ಮಾಡಿದ ಪರೀಕ್ಷೆ ಆ ಪದರದ ಪರೀಕ್ಷೆ, ರಬ್ಬರ್‌ದಲ್ಲ. ಹೊಸ ಬೂಟು ಮೊದಲ ದಿನ ಜಾರಿ ಆಮೇಲೆ ಸರಿಹೋಗುವುದಕ್ಕೂ ಇದೇ ಕಾರಣ.

ಈ ಮಿಶ್ರಣ ನೀರು, ಸೋಪಿಗಷ್ಟೇ. ನೆಲದಲ್ಲಿ ಜಿಡ್ಡಿದ್ದರೆ ಎಸ್‌ಬಿಆರ್ ಎಣ್ಣೆ ಕುಡಿದು ಉಬ್ಬುತ್ತದೆ, ಅಲ್ಲಿ ನೈಟ್ರೈಲ್ ರಬ್ಬರ್ ಬೇಕು. ಇನ್ನು ಮೆತ್ತನೆ ಸೋಲ್ ಹಾಕುವವರು ಹಿಮ್ಮಡಿಯ ಹೊರ ಮೂಲೆ ನೋಡುತ್ತಿರಬೇಕು. ಮೊದಲು ಸವೆಯುವುದು ಅದೇ. ಸೋಲ್‌ನಲ್ಲಿ ಅಚ್ಚೊತ್ತಿದ ಗೆರೆಗಳ ಚೂಪು ಅಂಚು ಹೋಗಿ ಆ ಜಾಗ ಚಪ್ಪಟೆಯಾದರೆ ನೀರು ಹೊರಹೋಗಲು ದಾರಿ ಉಳಿಯುವುದಿಲ್ಲ. ಉಳಿದ ಸೋಲ್ ಎಷ್ಟೇ ದಪ್ಪವಿದ್ದರೂ ಒದ್ದೆ ಟೈಲ್ಸ್‌ಗೆ ಅದನ್ನು ಬದಲಿಸುವುದೇ ಸರಿ.