ಹೋಳಿ ಹಬ್ಬಕ್ಕೆ ಮನೆಯ ಬಣ್ಣ: ಬೀಟ್‌ರೂಟ್ ಕೈಕೊಡುವುದು ಎಲ್ಲಿ?

ಮಕ್ಕಳಿಗೆಂದು ಹೋಳಿಯ ಬಣ್ಣವನ್ನು ಮನೆಯಲ್ಲೇ ಮಾಡಲು ಹೊರಟವರಲ್ಲಿ ಹೆಚ್ಚಿನವರು ಅರಿಶಿನದಲ್ಲಿ ಗೆದ್ದು ಬೀಟ್‌ರೂಟಿನಲ್ಲಿ ಸೋಲುತ್ತಾರೆ. ರಸ ಹೆಚ್ಚಾಗಿ ಹಿಟ್ಟು ಅಂಟಾಗುತ್ತದೆ, ಬಿಸಿಲಿಗಿಟ್ಟ ತಟ್ಟೆ ಸಂಜೆಯ ಹೊತ್ತಿಗೆ ಮಾಸಲು ಕಂದಾಗಿರುತ್ತದೆ, ಅರೆಬರೆ ಒಣಗಿ ಡಬ್ಬಿ ಸೇರಿದ ಪುಡಿ ಹಬ್ಬದ ದಿನ ಹುಳಿ ವಾಸನೆ ಹೊಡೆಯುತ್ತದೆ. ಈ ಮೂರನ್ನೂ ತಪ್ಪಿಸಲು ದುಬಾರಿ ಸಾಮಗ್ರಿಯೇನೂ ಬೇಕಿಲ್ಲ, ಹಬ್ಬಕ್ಕೆ ನಾಲ್ಕೈದು ದಿನ ಮೊದಲೇ ಕೆಲಸ ಆರಂಭಿಸಿದರೆ ಸಾಕು.

ಮೊದಲಿಗೆ ಹಿಟ್ಟನ್ನು ಸರಿಯಾಗಿ ಆರಿಸಿಕೊಳ್ಳಬೇಕು. ದಿನಸಿ ಅಂಗಡಿಯಲ್ಲಿ ಕಾರ್ನ್‌ಫ್ಲೋರ್ ಎಂದು ಸಿಗುವ ಬಿಳಿಯ, ಹಿಸುಕಿದರೆ ಕಿರುಗುಟ್ಟುವ ಪುಡಿಯೇ ಇದಕ್ಕೆ ತಕ್ಕದ್ದು. ಮೆಕ್ಕೆಜೋಳಕ್ಕೆ ಕೊರತೆಯಿಲ್ಲದ ದಾವಣಗೆರೆಯಲ್ಲಿ ಕೆಲವರು ಎರಡೂ ಒಂದೇ ಎಂದುಕೊಂಡು ಜೋಳವನ್ನೇ ಗಿರಣಿಗೆ ಹಾಕಿಸಿ ತರುತ್ತಾರೆ. ಹಾಗೆ ಬೀಸಿದ ಹಿಟ್ಟಿನಲ್ಲಿ ಸಿಪ್ಪೆಯ ತರಿ ಇರುವುದರಿಂದ ಅದು ಚರ್ಮಕ್ಕೆ ಒರಟು, ಅದರ ಹಳದಿ ಛಾಯೆಯ ಮೇಲೆ ಗುಲಾಬಿ ಬಣ್ಣವೂ ಏರುವುದಿಲ್ಲ. ಮೈದಾ ಕೂಡದು. ನೀರು ತಾಗಿದೊಡನೆ ಅದು ಕೂದಲಲ್ಲಿ ಕಣಕದಂತೆ ಹಿಡಿದುಕೊಳ್ಳುತ್ತದೆ. ರಂಗೋಲಿ ಪುಡಿಯನ್ನಂತೂ ಮುಟ್ಟಲೇಬಾರದು, ಏಕೆಂದರೆ ಅದು ಕಲ್ಲಿನ ಪುಡಿ, ಕಣ್ಣಿಗೆ ಬಿದ್ದರೆ ಗೀರುತ್ತದೆ.

ಅರ್ಧ ಕಿಲೋ ಕಾರ್ನ್‌ಫ್ಲೋರ್‌ಗೆ ಅರ್ಧ ಕಿಲೋ ಬೀಟ್‌ರೂಟ್ ಸಾಕು. ಗಡ್ಡೆಯನ್ನು ಮಣ್ಣು ಹೋಗುವಂತೆ ತೊಳೆದು, ಸಿಪ್ಪೆ ತೆಗೆದು, ಅರ್ಧ ಭಾಗವನ್ನು ಮಾತ್ರ ತುರಿದು, ನೀರು ಬೆರೆಸದೆ ತೆಳುವಾದ ಬಟ್ಟೆಯಲ್ಲಿ ಹಿಂಡಬೇಕು. ಉಳಿದರ್ಧವನ್ನು ಮರುದಿನಕ್ಕೆ ಇಟ್ಟುಕೊಳ್ಳಿ. ತುರಿಯುವ ಬೇಸರಕ್ಕೆ ಮಿಕ್ಸಿಗೆ ನೀರು ಸುರಿದು ರುಬ್ಬುವವರಿದ್ದಾರೆ. ಆ ನೀರನ್ನೆಲ್ಲ ಮತ್ತೆ ಒಣಗಿಸಬೇಕಾದವರೂ ಅವರೇ. ರಸ ಗಟ್ಟಿಯಾಗಲಿ ಎಂದು ಒಲೆಯ ಮೇಲೆ ಕುದಿಸುವುದು ಇನ್ನೂ ಕೆಟ್ಟ ಉಪಾಯ. ಬೀಟ್‌ರೂಟಿನ ಕೆಂಪು ಬಿಸಿ ಮತ್ತು ಬೆಳಕು ಎರಡನ್ನೂ ಬಹಳ ಹೊತ್ತು ತಾಳುವುದಿಲ್ಲ. ಹಿಂಡಿದ ರಸಕ್ಕೆ ನಾಲ್ಕೈದು ಹನಿ ನಿಂಬೆರಸ ಸೇರಿಸಿದರೆ ಬಣ್ಣ ಹೆಚ್ಚು ಹೊತ್ತು ನಿಲ್ಲುತ್ತದೆ. ಅಡುಗೆ ಸೋಡಾ ಹಾಕಿದರೆ ಇದಕ್ಕೆ ತಿರುಗುಮುರುಗಾಗಿ ಕೆಂಪು ಕೆಟ್ಟು ಹಳದಿಯತ್ತ ವಾಲುತ್ತದೆ.

ಈಗ ಬರುವ ಹಂತದಲ್ಲೇ ಬಹುಪಾಲು ಕೈಗಳು ಅವಸರಪಡುತ್ತವೆ. ಅಗಲವಾದ ಪರಾತದಲ್ಲಿ ಹಿಟ್ಟನ್ನು ಹರಡಿ, ರಸವನ್ನು ಒಂದೊಂದೇ ಚಮಚ ಚಿಮುಕಿಸುತ್ತ, ಎರಡೂ ಅಂಗೈಗಳ ನಡುವೆ ಹಿಟ್ಟನ್ನು ತಿಕ್ಕುತ್ತ ಹೋಗಬೇಕು. ಅರ್ಧ ಕಿಲೋ ಹಿಟ್ಟಿಗೆ ಒಂದು ಸಲಕ್ಕೆ ಅರ್ಧ ಲೋಟ, ಅಂದರೆ ಸುಮಾರು 100 ಮಿಲಿಲೀಟರ್ ರಸ ಮಿತಿ. ಹಿಟ್ಟು ಒದ್ದೆ ಮರಳಿನ ಹದಕ್ಕೆ ಬಂದ ಕೂಡಲೇ ಕೈ ನಿಲ್ಲಿಸಿ. ಹಿಡಿದರೆ ಗಟ್ಟಿಯಾಗಿ, ಬಿಟ್ಟರೆ ಜಾರತೊಡಗಿದರೆ ಮಿತಿ ಮೀರಿತೆಂದೇ ಅರ್ಥ, ಆಗ ಒಂದೆರಡು ಹಿಡಿ ಒಣಹಿಟ್ಟು ಸೇರಿಸುವುದೊಂದೇ ದಾರಿ. ಬಣ್ಣ ತೆಳುವಾಗಿ ಕಾಣುತ್ತದೆಂದು ಇನ್ನಷ್ಟು ರಸ ಸುರಿಯಬೇಡಿ. ಮೊದಲ ಸಲದ್ದು ಪೂರ್ತಿ ಒಣಗಿದ ಮೇಲೆ, ಎತ್ತಿಟ್ಟ ಗಡ್ಡೆಯಿಂದ ಹೊಸ ರಸ ಹಿಂಡಿ ಎರಡನೆಯ ಕೈ ಹಾಕಬೇಕು. ಒಳ್ಳೆಯ ಗುಲಾಬಿ ಬರುವುದು ಈ ಎರಡನೆಯ ಕೈಯಿಂದಲೇ. ಆದರೂ ಅಂಗಡಿಯ ರಾಣಿ ಬಣ್ಣದ ಹೊಳಪು ಇದಕ್ಕೆ ಬಾರದು, ಬರಬೇಕೆಂದು ಅಡುಗೆ ಬಣ್ಣ ಬೆರೆಸಿದರೆ ಇಷ್ಟು ಶ್ರಮಪಟ್ಟಿದ್ದಕ್ಕೆ ಅರ್ಥವಿಲ್ಲ.

ಒಣಗಿಸುವುದು ನೆರಳಿನಲ್ಲೇ. ಶಿವರಾತ್ರಿ ಕಳೆದ ಮೇಲೆ ನಮ್ಮ ಕಡೆಯ ಗಾಳಿ ಒಣದಾಗಿರುವುದರಿಂದ, ಹತ್ತಿ ಬಟ್ಟೆಯ ಮೇಲೆ ಬೆರಳ ದಪ್ಪಕ್ಕಿಂತ ತೆಳುವಾಗಿ ಹರಡಿ ಫ್ಯಾನಿನ ಕೆಳಗಿಟ್ಟು, ಗಂಟೆಗೊಮ್ಮೆ ಕೈಯಾಡಿಸಿ ಗಂಟುಗಳನ್ನು ಒಡೆಯುತ್ತಿದ್ದರೆ ಒಂದು ದಿನದಲ್ಲಿ ಬಹುಮಟ್ಟಿಗೆ ಒಣಗುತ್ತದೆ. ಒಣಗಿತೆಂದು ತಿಳಿಯಲು ಮುಷ್ಟಿಯಲ್ಲಿ ಬಿಗಿಯಾಗಿ ಹಿಡಿದು ಬಿಡಿ. ಉಂಡೆ ನಿಂತರೆ ಇನ್ನೂ ಒದ್ದೆ, ಉದುರಿದರೆ ಸರಿ. ಅನಂತರ ಮಿಕ್ಸಿಯಲ್ಲಿ ಬಿಟ್ಟು ಬಿಟ್ಟು ತಿರುಗಿಸಿ, ಧೂಳು ತಳಕ್ಕಿಳಿಯುವವರೆಗೆ ಮುಚ್ಚಳ ತೆರೆಯದೆ, ತೆಳುವಾದ ಬಟ್ಟೆಯಲ್ಲಿ ಜರಡಿ ಹಿಡಿಯಿರಿ. ಹಿಟ್ಟಿನ ಜರಡಿಯ ಕಣ್ಣು ಇದಕ್ಕೆ ದೊಡ್ಡದಾಯಿತು.

ಅರಿಶಿನದ ಕೆಲಸ ಸುಲಭ: ಒಂದು ಪಾಲು ಅರಿಶಿನಕ್ಕೆ ನಾಲ್ಕು ಪಾಲು ಕಾರ್ನ್‌ಫ್ಲೋರ್ ಬೆರೆಸಿ ಜರಡಿ ಹಿಡಿದರೆ ಮುಗಿಯಿತು. ಎಚ್ಚರ ಬೇಕಾದದ್ದು ಅರಿಶಿನವನ್ನು ತರುವಾಗ. ಒಂದು ಲೋಟ ನೀರಿಗೆ ಒಂದು ಚಮಚ ಪುಡಿ ಹಾಕಿ ಕದಡದೆ ಬಿಟ್ಟು ನೋಡಿ: ಶುದ್ಧವಾದದ್ದು ತಿಳಿ ಹಳದಿ ಬಿಡುತ್ತ ತಳಕ್ಕಿಳಿಯುತ್ತದೆ, ಬಣ್ಣ ಬೆರೆಸಿದ್ದಾದರೆ ನೀರೆಲ್ಲ ಗಾಢ ಹಳದಿಯಾಗುತ್ತದೆ. ಕೊಂಬು ತಂದು ಬೀಸಿಸುವುದು ನನಗೆ ಹೆಚ್ಚು ಒಪ್ಪಿಗೆ, ಆದರೆ ಗಿರಣಿಯಲ್ಲಿ ಖಾರದ ಪುಡಿ ಬೀಸಿದ ಬೆನ್ನಿಗೆ ಕೊಡಬಾರದು. ಯಂತ್ರದಲ್ಲಿ ಉಳಿದ ಮೆಣಸಿನಕಾಯಿಯ ಪುಡಿ ಮಕ್ಕಳ ಕಣ್ಣು ಉರಿಸುತ್ತದೆ. ಅರಿಶಿನಕ್ಕೆ ಸುಣ್ಣ ಸೇರಿಸಿದರೆ ಕೆಂಪಾಗುವುದು ನಿಜವಾದರೂ ಮಕ್ಕಳು ಆಡುವ ಪುಡಿಗೆ ಸುಣ್ಣ ಬೇಡವೇ ಬೇಡ, ಅದು ಚರ್ಮವನ್ನೂ ಕಣ್ಣನ್ನೂ ಸುಡುತ್ತದೆ.

ಚೆಂಡುಹೂವಿನ ದಳಗಳನ್ನು ಹಸಿರು ತೊಟ್ಟಿನಿಂದ ಬಿಡಿಸಿ, ತೊಳೆದು, ನೆರಳಲ್ಲಿ ಗರಿಗರಿಯಾಗುವವರೆಗೆ ಒಣಗಿಸಿ ಪುಡಿ ಮಾಡಿ, ಎರಡು ಪಟ್ಟು ಕಾರ್ನ್‌ಫ್ಲೋರ್ ಸೇರಿಸಬೇಕು. ದಳದ ನಾರು ಉಳಿದರೆ ಮೈ ತುರಿಸುವುದರಿಂದ ಇಲ್ಲಿಯೂ ಬಟ್ಟೆಯ ಜರಡಿಯೇ ಆಗಬೇಕು. ಚೆಂಡುಹೂವು ಕಾಂಗ್ರೆಸ್ ಹುಲ್ಲಿನ ಕುಟುಂಬಕ್ಕೇ ಸೇರಿದ್ದು, ಆ ಹುಲ್ಲು ಆಗದ ಮಕ್ಕಳಿಗೆ ಇದೂ ಆಗದಿರಬಹುದು. ಅಂಥವರಿಗೆ ಈ ಋತುವಿನಲ್ಲಿ ಅರಳುವ ಮುತ್ತುಗದ ಹೂವನ್ನು ಹೀಗೆಯೇ ಒಣಗಿಸಿ ಪುಡಿ ಮಾಡಿಕೊಡಬಹುದು. ಯಾವ ಪುಡಿಯೇ ಆಗಲಿ, ಹಿಂದಿನ ದಿನ ಮಗುವಿನ ಮೊಣಕೈಯ ಒಳಭಾಗಕ್ಕೆ ಚಿಟಿಕೆಯಷ್ಟು ಹಚ್ಚಿ ನೋಡುವುದು ಒಳ್ಳೆಯದು.

ಈ ಪುಡಿಗಳನ್ನು ಕಾಮದಹನದ ಬೆಂಕಿಯ ಬಳಿ ಎರಚಬಾರದು. ಗಾಳಿಯಲ್ಲಿ ತೇಲುವ ಕಾರ್ನ್‌ಫ್ಲೋರ್ ಧೂಳು ಬೆಂಕಿ ತಗುಲಿದರೆ ಒಮ್ಮೆಲೇ ಹತ್ತಿಕೊಳ್ಳುತ್ತದೆ. 2015ರ ಜೂನ್‌ನಲ್ಲಿ ತೈವಾನಿನ ನೀರಾಟದ ಉದ್ಯಾನವೊಂದರಲ್ಲಿ ಇಂಥದೇ ಹಿಟ್ಟಿನ ಬಣ್ಣ ಎರಚುತ್ತಿದ್ದಾಗ ಬೆಂಕಿ ಹೊತ್ತಿ 15 ಜನ ಸತ್ತರು. ಆದ್ದರಿಂದ ಬೂದಿ ಪೂರ್ತಿ ತಣ್ಣಗಾಗುವವರೆಗೆ ಡಬ್ಬಿಗಳು ಮನೆಯೊಳಗೇ ಇರಲಿ. ಆಟ ಬಯಲಿನಲ್ಲಿ ನಡೆಯಲಿ, ಪುಡಿಯನ್ನು ಮುಖಕ್ಕೆ ಎರಚದೆ ಕೆನ್ನೆಗೆ ಹಚ್ಚಲಿ, ಉಬ್ಬಸವಿರುವ ಮಕ್ಕಳು ಧೂಳಿನಿಂದ ದೂರವಿರಲಿ.

ಆಟ ಮುಗಿದ ಮೇಲೆ ಮೊದಲು ಒಣಬಟ್ಟೆಯಿಂದ ಒರೆಸಿ, ಆಮೇಲೆ ನೀರು ಹಾಕಬೇಕು. ಬಟ್ಟೆಗೆ ಸೋಪು ಹಚ್ಚಿದೊಡನೆ ಅರಿಶಿನದ ಕಲೆ ಕೆಂಪಾದರೆ ಗಾಬರಿ ಬೇಡ. ಸೋಪಿನ ಕ್ಷಾರಕ್ಕೆ ಅರಿಶಿನ ಹಾಗೆ ತಿರುಗುತ್ತದೆ. ಚೆನ್ನಾಗಿ ಜಾಲಿಸಿ ಎರಡು ದಿನ ಬಿಸಿಲಿಗೆ ಹಾಕಿದರೆ ಕಲೆ ತಾನಾಗಿ ಮಸುಕಾಗುತ್ತದೆ.